ಕೈಯಲ್ಲಿ ಕಟ್ಟದಿದ್ದರೆ ಆಟೋಮ್ಯಾಟಿಕ್ ವಾಚ್ ನಿಲ್ಲುವುದೇಕೆ? ಅದು ನಾಡಿ ಬಡಿತದಿಂದ ಓಡುತ್ತದೆಯೇ?

ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಈಚೆಗೆ ಒಂದು ಫಾರ್ವರ್ಡ್ ಬಂತು. ಆಟೋಮ್ಯಾಟಿಕ್ ವಾಚ್ ಮನುಷ್ಯನ ನಾಡಿ ಬಡಿತದಿಂದ, ಮೈಯ ಬಿಸಿಯಿಂದ ಓಡುತ್ತದಂತೆ. ಕಟ್ಟಿಕೊಂಡಿದ್ದರೂ ಅದು ನಿಂತರೆ ನಾಡಿ ಕುಗ್ಗಿದೆ ಎಂದರ್ಥವಂತೆ. ಬಿಚ್ಚಿಟ್ಟು ನಿಲ್ಲಲು ಬಿಟ್ಟರೆ ಒಳಗಿನ ಎಣ್ಣೆ ಗಟ್ಟಿಯಾಗಿ ವಾಚೇ ಕೆಡುತ್ತದಂತೆ, ಆದ್ದರಿಂದ ‘ವಾಚ್ ವೈಂಡರ್’ ಎಂಬ ತಿರುಗುವ ಪೆಟ್ಟಿಗೆ ಕೊಳ್ಳಲೇಬೇಕಂತೆ.

ಇಂಥವನ್ನು ನಾನು ಓದಿ ಮುಂದೆ ಹೋಗುತ್ತೇನೆ. ಈ ಸಲ ಆಗಲಿಲ್ಲ. ದೊಡ್ಡಗದ್ದವಳ್ಳಿಯಿಂದ ದೊಡ್ಡಪ್ಪ ಫೋನ್ ಮಾಡಿದ್ದರು. “ವಾಚು ವಾರದಲ್ಲಿ ಒಂದ್ಸಲ ನಿಂತೇ ಹೋಗ್ತದೆ ಕಣವ್ವ. ಕಟ್ಕೊಂಡೇ ಇರ್ತೀನಿ. ನನ್ ಕೈಲಿ ಜೀವ ಕಮ್ಮಿ ಆಗ್ತಿದೆಯೇನೋ.” ತಮಾಷೆಯ ದನಿಯಲ್ಲೇ ಹೇಳಿದರು. ಆದರೆ ಅವರು ಹೆದರಿದ್ದರು.

ಅವರದು ಹಳೆಯ ಎಚ್‌ಎಂಟಿ ಆಟೋಮ್ಯಾಟಿಕ್, ಮದುವೆಯಲ್ಲಿ ಮಾವನ ಮನೆಯವರು ಕೊಟ್ಟದ್ದು. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸಲು ಶುರು ಮಾಡಿತು. ಆ ಕಾರ್ಖಾನೆಗಳು ಈಗಿಲ್ಲ. ಆದರೆ ಹಾಸನ ಸೀಮೆಯ ಹಳ್ಳಿಗಳಲ್ಲಿ ಆ ವಾಚುಗಳು ಇನ್ನೂ ಓಡುತ್ತಿವೆ. ಅವುಗಳಲ್ಲಿ ‘ಜನತಾ’ದಂಥವು ದಿನಾ ಕೀ ಕೊಡಬೇಕಾದವು, ‘ಕಾಂಚನ್’ನಂಥವು ಆಟೋಮ್ಯಾಟಿಕ್. ಎರಡರ ಒಳಗೂ ಸೆಲ್ ಇಲ್ಲ. ಎರಡನ್ನೂ ಓಡಿಸುವುದು ಸುರುಳಿ ಸುತ್ತಿದ ಒಂದು ಸ್ಪ್ರಿಂಗ್. ಆ ಸ್ಪ್ರಿಂಗನ್ನು ಯಾರು ಸುತ್ತುತ್ತಾರೆ ಎಂಬುದಷ್ಟೇ ವ್ಯತ್ಯಾಸ.

ನಾಡಿ ಅಲ್ಲ, ತೋಳಿನ ಆಟ

ಆಟೋಮ್ಯಾಟಿಕ್ ವಾಚಿನ ಹಿಂಬದಿ ಮುಚ್ಚಳ ತೆಗೆದರೆ ಅರ್ಧಚಂದ್ರದ ಆಕಾರದ ಭಾರವಾದ ಲೋಹದ ತುಂಡು ಕಾಣುತ್ತದೆ. ಅದನ್ನು ರೋಟರ್ ಎನ್ನುತ್ತಾರೆ. ನಡುವೆ ಮಾತ್ರ ಸಿಕ್ಕಿಸಿರುವುದರಿಂದ ಅದು ಸುತ್ತಲೂ ಸಲೀಸಾಗಿ ತಿರುಗುತ್ತದೆ. ನೀವು ಕೈ ಬೀಸಿದಾಗ ಭಾರದ ಅಂಚು ಕೆಳಕ್ಕೆ ಜಾರುತ್ತದೆ, ಅದು ತಿರುಗಿದಂತೆ ಸಣ್ಣ ಹಲ್ಲುಚಕ್ರಗಳು ಸ್ಪ್ರಿಂಗನ್ನು ಚೂರು ಚೂರೇ ಬಿಗಿಯುತ್ತವೆ. ವಾಚನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಆಡಿಸಿದರೆ ಈ ತುಂಡು ಸುಳಿಯುವ ಸದ್ದು ಕೇಳಿಸುತ್ತದೆ.

ಇದರಲ್ಲಿ ನಾಡಿಗೆ ಯಾವ ಪಾತ್ರವೂ ಇಲ್ಲ. ಮಣಿಕಟ್ಟಿನ ಮಿಡಿತ ಈ ತುಂಡನ್ನು ತಿರುಗಿಸುವಷ್ಟು ದೊಡ್ಡದಲ್ಲ. ಮೈಯ ಬಿಸಿಯಿಂದ ಸ್ಪ್ರಿಂಗ್ ಸುತ್ತಿಕೊಳ್ಳುವುದೂ ಇಲ್ಲ. ಫಾರ್ವರ್ಡ್ ತನ್ನನ್ನು ತಾನೇ ಸುಳ್ಳಾಗಿಸಿಕೊಂಡಿರುವುದನ್ನೂ ಗಮನಿಸಿ. ಅದು ಕೊಳ್ಳಲು ಹೇಳುವ ವೈಂಡರ್‌ಗೆ ನಾಡಿಯೂ ಇಲ್ಲ, ಬಿಸಿ ರಕ್ತವೂ ಇಲ್ಲ, ಆದರೂ ಅದರಲ್ಲಿಟ್ಟ ವಾಚ್ ಓಡುತ್ತದೆ. ಈಗಿನ ಸ್ಮಾರ್ಟ್‌ವಾಚುಗಳು ಹಸಿರು ಬೆಳಕಿನಿಂದ ನಾಡಿ ಅಳೆಯುತ್ತವೆ, ಬಹುಶಃ ಅಲ್ಲಿಂದಲೇ ಈ ಗೊಂದಲ ಹುಟ್ಟಿರಬೇಕು. ವಾಚ್ ನಿಂತಿತೆಂದು ಹೃದಯದ ಬಗ್ಗೆ ಹೆದರಬೇಡಿ. ವಾಚ್ ಓಡುತ್ತಿದೆಯಲ್ಲ ಎಂದು ಎದೆನೋವನ್ನು ಕಡೆಗಣಿಸಲೂಬೇಡಿ. ಎರಡಕ್ಕೂ ಸಂಬಂಧವಿಲ್ಲ.

ಹಾಗಾದರೆ ಕಟ್ಟಿಕೊಂಡಿದ್ದರೂ ನಿಂತದ್ದೇಕೆ?

ಹೆಚ್ಚಿನ ಆಟೋಮ್ಯಾಟಿಕ್ ವಾಚುಗಳು ಸ್ಪ್ರಿಂಗ್ ಪೂರ್ತಿ ಬಿಗಿದಿದ್ದಾಗ ಅಲ್ಲಾಡದೆಯೂ ಸುಮಾರು 40 ಗಂಟೆ ಓಡುತ್ತವೆ. ಭಾನುವಾರ ರಾತ್ರಿ 9ಕ್ಕೆ ಬಿಚ್ಚಿಟ್ಟರೆ ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ನಿಲ್ಲುತ್ತವೆ. ಅದು ರೋಗವಲ್ಲ, ತೊಟ್ಟಿಯ ನೀರು ಮುಗಿದಂತೆ ಅಷ್ಟೇ. ಆದರೆ ದೊಡ್ಡಪ್ಪ ವಾಚನ್ನು ಬಿಚ್ಚಿಡುತ್ತಿದ್ದದ್ದು ರಾತ್ರಿ ಮಾತ್ರ.

ಉತ್ತರ ಅವರ ದಿನಚರಿಯಲ್ಲಿತ್ತು. ಅವರು ಹಾಸನ–ಬೇಲೂರು ಕಡೆಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ದಿನವಿಡೀ ಕಂಬಿ ಹಿಡಿಯುವುದು, ಟಿಕೆಟ್ ಹರಿಯುವುದು, ಚಿಲ್ಲರೆ ಕೊಡುವುದು. ಆ ಕೈಯಲ್ಲಿ ವಾಚ್ ನಿಲ್ಲುವ ಮಾತೇ ಇರಲಿಲ್ಲ. ಈಗ ನಿವೃತ್ತರು. ಬೆಳಿಗ್ಗೆ ಜಗಲಿಯಲ್ಲಿ ಪೇಪರ್, ಮಧ್ಯಾಹ್ನ ನಿದ್ದೆ, ಸಂಜೆ ಲಕ್ಷ್ಮೀದೇವಿ ಗುಡಿಯ ಹತ್ತಿರ ಕೆರೆ ಪಕ್ಕ ಕೂತು ಮಾತು. ಕೈ ಆಡುವುದು ಕಡಿಮೆ, ಆದ್ದರಿಂದ ಸ್ಪ್ರಿಂಗ್‌ಗೆ ಬರುವ ಕೀ ಕಡಿಮೆ. ವಾಚ್ ಮಾತ್ರ ದಿನಕ್ಕೆ 24 ಗಂಟೆಯ ಖರ್ಚನ್ನು ಬಿಡದೆ ಮಾಡುತ್ತದೆ.

ಇದನ್ನು ಮನೆಯ ಲೆಕ್ಕದ ಹಾಗೆ ನೋಡೋಣ. ಅವರ ಒಂದು ದಿನದ ಓಡಾಟ 14 ಗಂಟೆಗೆ ಸಾಕಾಗುವಷ್ಟು ಕೀ ಕೊಡುತ್ತದೆ ಎಂದುಕೊಳ್ಳಿ (ಇದು ನನ್ನ ಅಂದಾಜು). ಖರ್ಚು 24, ಆದಾಯ 14, ದಿನಕ್ಕೆ 10 ಗಂಟೆ ಸಾಲ. ಭಾನುವಾರ ಹಾಸನಕ್ಕೆ ಹೋಗಿ ಸಂತೆ ಸುತ್ತಿ ಬಂದರೆ ರಾತ್ರಿ 9ಕ್ಕೆ 40 ಗಂಟೆ ತುಂಬಿರುತ್ತದೆ. ಸೋಮವಾರ ರಾತ್ರಿ 30, ಮಂಗಳವಾರ 20, ಬುಧವಾರ 10. ಬುಧವಾರ ರಾತ್ರಿ 9ಕ್ಕೆ ಬಿಚ್ಚಿಟ್ಟ ವಾಚ್ ಗುರುವಾರ ಬೆಳಿಗ್ಗೆ 7ಕ್ಕೆ ನಿಲ್ಲುತ್ತದೆ. “ಗುರುವಾರ ಎದ್ದಾಗಲೇ ನಿಂತಿರ್ತದಾ?” ಎಂದು ಕೇಳಿದೆ. ಹೆಚ್ಚಾಗಿ ವಾರದ ನಡುವೆಯೇ, ಬೆಳಗಿನ ಹೊತ್ತೇ ಎಂದರು.

ಆದರೂ ವಾಚಿನಲ್ಲೇ ದೋಷ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕಿತ್ತು. ಅದಕ್ಕೆ ಕಾಸು ಖರ್ಚಿಲ್ಲದ ಪರೀಕ್ಷೆ ಇದೆ. ಪಕ್ಕದ ಕೀ ಗುಂಡಿಯನ್ನು ಹೊರಗೆ ಎಳೆಯದೆ, ಇದ್ದ ಜಾಗದಲ್ಲೇ ಮುಂದಕ್ಕೆ 30ರಿಂದ 40 ಸುತ್ತು ತಿರುಗಿಸಬೇಕು. ಆಟೋಮ್ಯಾಟಿಕ್‌ನಲ್ಲಿ ‘ಕೀ ಜಾಸ್ತಿಯಾಗಿ ಸ್ಪ್ರಿಂಗ್ ಮುರಿಯಿತು’ ಎಂಬ ಭಯ ಬೇಡ. ಸ್ಪ್ರಿಂಗಿನ ಹೊರತುದಿಯನ್ನು ಗಟ್ಟಿಯಾಗಿ ಕಟ್ಟಿರುವುದಿಲ್ಲ. ಪೂರ್ತಿ ಬಿಗಿದ ಮೇಲೆ ಅದು ಡಬ್ಬಿಯ ಗೋಡೆಗುಂಟ ಜಾರುತ್ತದೆ. ‘ಜನತಾ’ದಂಥ ಕೈ ಕೀಯ ವಾಚಿನಲ್ಲಿ ಹಾಗಲ್ಲ, ಅಲ್ಲಿ ಬಿಗಿ ಸಿಕ್ಕಿದ ಕೂಡಲೇ ನಿಲ್ಲಿಸಬೇಕು. ಇನ್ನು ಹಳೆಯ ಸೈಕೋ 5ರ ಎಷ್ಟೋ ಮಾದರಿಗಳಲ್ಲಿ ಗುಂಡಿಯಿಂದ ಕೀ ಕೊಡುವ ವ್ಯವಸ್ಥೆಯೇ ಇಲ್ಲ. ಗಲ್ಫ್‌ನಿಂದ ಬಂದವರು ತಂದುಕೊಡುವ ವಾಚುಗಳಲ್ಲಿ ಇದು ಸಾಮಾನ್ಯ. ಅಂಥದ್ದನ್ನು ಒಂದು ದಿನ ಓಡಾಟದ ಕೆಲಸವಿರುವವರ ಕೈಗೆ ಕಟ್ಟಬೇಕು.

ದೊಡ್ಡಪ್ಪ ಶನಿವಾರ ರಾತ್ರಿ 9ಕ್ಕೆ ಪೂರ್ತಿ ಕೀ ಕೊಟ್ಟು ಗೂಡಿನಲ್ಲಿಟ್ಟರು. ಕಾಯುತ್ತ ಕೂರಬೇಕಿಲ್ಲ. ನಿಂತ ವಾಚ್ ತಾನು ನಿಂತ ಹೊತ್ತನ್ನು ತಾನೇ ತೋರಿಸುತ್ತದೆ, ವಾರದ ಸಮೇತ. ಮುಳ್ಳುಗಳು 12:40ಕ್ಕೆ ನಿಂತಿದ್ದವು, ವಾರ ಸೋಮವಾರ. ಅಂದರೆ 39 ಗಂಟೆ 40 ನಿಮಿಷ. ಸ್ಪ್ರಿಂಗ್ ಚೆನ್ನಾಗಿದೆ. ಇದೇ 20 ಗಂಟೆಗೆ ನಿಂತಿದ್ದರೆ ಎಣ್ಣೆ ಒಣಗಿದೆ ಅಥವಾ ಸ್ಪ್ರಿಂಗ್ ಸೋತಿದೆ, ಸರ್ವೀಸ್‌ಗೆ ಕೊಡಬೇಕು. ಪೂರ್ತಿ ಕೀ ಕೊಟ್ಟಾಗ 40 ಗಂಟೆ ಓಡಿ, ಕೈಯಲ್ಲಿ ಕಟ್ಟಿದಾಗ ಮಾತ್ರ ನಿಲ್ಲುತ್ತಿದ್ದರೆ ಒಂದೋ ಕೈ ಸಾಕಷ್ಟು ಆಡುತ್ತಿಲ್ಲ, ಇಲ್ಲವೇ ರೋಟರ್‌ನಿಂದ ಸ್ಪ್ರಿಂಗ್‌ಗೆ ಬಲ ಹೋಗುವ ಚಕ್ರಗಳು ಸವೆದಿವೆ. ಓಡಾಟದ ಕೆಲಸದ ಅಣ್ಣನಿಗೆ ಎರಡು ದಿನ ಕಟ್ಟಲು ಕೊಟ್ಟೆವು. ನಿಲ್ಲಲಿಲ್ಲ. ಹಾಗಾಗಿ ಮೊದಲನೆಯದೇ ಕಾರಣ.

ವೈಂಡರ್ ಬೇಕೇ?

ವೈಂಡರ್ ಎಂದರೆ ವಾಚನ್ನು ಹಿಡಿದು ನಿಧಾನವಾಗಿ ಉರುಳಿಸುವ ಮೋಟರ್ ಪೆಟ್ಟಿಗೆ. ವಾಚ್ ಸುತ್ತುತ್ತದೆ, ಒಳಗಿನ ಭಾರದ ತುಂಡು ಕೆಳಗೇ ಉಳಿಯುತ್ತದೆ, ಕೀ ಬೀಳುತ್ತದೆ. ಎಷ್ಟೋ ವಾಚುಗಳಿಗೆ ದಿನಕ್ಕೆ 650ರಿಂದ 800 ಸುತ್ತು ಸಾಕು. ಅದು ಮೋಸದ ವಸ್ತುವೇನಲ್ಲ. ಆದರೆ ಅದು ಕೊಡುವುದು ಅನುಕೂಲವನ್ನೇ ಹೊರತು ಆರೋಗ್ಯವನ್ನಲ್ಲ.

ನಿಂತರೆ ಎಣ್ಣೆ ಗಟ್ಟಿಯಾಗುತ್ತದೆ ಎಂಬ ಮಾತಿಗೆ ಹಿಂದೆ ಆಧಾರವಿತ್ತು. ಹಳೆಯ ಕಾಲದ ಪ್ರಾಣಿಜನ್ಯ ಎಣ್ಣೆಗಳು ಜಿಗುಟಾಗುತ್ತಿದ್ದವು. ಈಗ ಬಳಸುವ ಕೃತಕ ಎಣ್ಣೆಗಳು ಕೆಲವು ವಾರ ನಿಂತ ಮಾತ್ರಕ್ಕೆ ಕೆಡುವುದಿಲ್ಲ. ವರ್ಷಗಳ ಮೇಲೆ ಒಣಗುವುದು ನಿಜ, ಆದರೆ ಓಡುತ್ತಿದ್ದರೂ ಒಣಗುತ್ತದೆ.

ಸವೆತದ ಲೆಕ್ಕ ಉಲ್ಟಾ ಇದೆ. ಇಂದಿನ ಬಹಳಷ್ಟು ಆಟೋಮ್ಯಾಟಿಕ್ ವಾಚುಗಳು ಗಂಟೆಗೆ 21,600 ಸಲ ಬಡಿಯುತ್ತವೆ. ವರ್ಷವಿಡೀ ನಿಲ್ಲದಿದ್ದರೆ ಸುಮಾರು 18.9 ಕೋಟಿ ಬಡಿತ. ವಾರಕ್ಕೆ ಮೂರು ದಿನ ಓಡಿ ಉಳಿದ ದಿನ ನಿಂತರೆ ಅದರ ಅರ್ಧಕ್ಕಿಂತ ಕಡಿಮೆ. ನಿಂತ ವಾಚ್ ಸವೆಯುವುದಿಲ್ಲ. ವೈಂಡರ್ ಯಂತ್ರವನ್ನು ‘ಉಳಿಸುತ್ತದೆ’ ಎನ್ನುವವರು ಈ ಲೆಕ್ಕ ಹೇಳುವುದಿಲ್ಲ. ಇನ್ನೊಂದು ತೊಡಕೂ ಇದೆ. ಕೆಲವು ವಾಚುಗಳು ಒಂದೇ ದಿಕ್ಕಿಗೆ ತಿರುಗಿದಾಗ ಮಾತ್ರ ಕೀ ತುಂಬಿಕೊಳ್ಳುತ್ತವೆ. ಅಗ್ಗದ ವೈಂಡರ್ ಉಲ್ಟಾ ದಿಕ್ಕಿಗೇ ಸುತ್ತುತ್ತಿದ್ದರೆ ರಾತ್ರಿಯಿಡೀ ತಿರುಗಿಯೂ ವಾಚ್ ನಿಂತೇ ಇರುತ್ತದೆ.

ತಿಂಗಳು, ಅಧಿಕ ವರ್ಷ ಎಲ್ಲವನ್ನೂ ಲೆಕ್ಕವಿಡುವ ದುಬಾರಿ ವಾಚ್ ಇದ್ದವರಿಗೆ ಅದನ್ನು ಮತ್ತೆ ಹೊಂದಿಸುವುದು ದೊಡ್ಡ ಕೆಲಸ. ಅವರಿಗೆ ವೈಂಡರ್ ಉಪಯುಕ್ತ. ಐದಾರು ವಾಚುಗಳನ್ನು ಸರದಿಯಲ್ಲಿ ಕಟ್ಟುವವರೂ ಇಟ್ಟುಕೊಳ್ಳಲಿ. ಒಂದೇ ವಾಚ್ ಇರುವವರಿಗೆ ದಿನಾ ಕಟ್ಟುವುದೇ ಸಾಕು. ಕೈ ಹೆಚ್ಚು ಆಡದವರು ಬೆಳಿಗ್ಗೆ ಗುಂಡಿಯನ್ನು ತಿರುಗಿಸಿದರಾಯಿತು. ದೊಡ್ಡಪ್ಪನ ಕೊರತೆ ದಿನಕ್ಕೆ 10 ಗಂಟೆ, ಅಂದರೆ ತುಂಬುವ ಕೀಯ ಕಾಲು ಭಾಗ, ಅಂದರೆ ಸುಮಾರು ಹತ್ತು ಸುತ್ತು. ಕೈಗೆ ಕಟ್ಟಿಕೊಂಡೇ ತಿರುಗಿಸಬೇಡಿ, ಗುಂಡಿಯ ಸಣ್ಣ ಕಡ್ಡಿ ಓರೆಯಾಗಿ ಎಳೆಯಲ್ಪಡುತ್ತದೆ.

ನಿಜವಾದ ಅಪಾಯ ನಿಂತ ಮೇಲೆ

ಫಾರ್ವರ್ಡ್‌ನಲ್ಲಿ ಇಲ್ಲದ ವಿಷಯವೇ ಮುಖ್ಯವಾದದ್ದು. ನಿಂತ ವಾಚ್ ಕೆಡುವುದಿಲ್ಲ, ಆದರೆ ಅದನ್ನು ಮತ್ತೆ ಹೊಂದಿಸುವ ಅವಸರದಲ್ಲಿ ಕೆಡಿಸುತ್ತೇವೆ. ತಾರೀಖು, ವಾರ ಬದಲಿಸುವ ಚಕ್ರಗಳು ಸಾಮಾನ್ಯವಾಗಿ ರಾತ್ರಿ 9ರಿಂದ ಬೆಳಗಿನ ಜಾವ 4ರವರೆಗೆ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಆ ಹೊತ್ತಿನಲ್ಲಿ ಗುಂಡಿಯಿಂದ ತಾರೀಖು ತಿರುಗಿಸಿದರೆ ಹಲ್ಲು ಮುರಿಯಬಹುದು. ಗೋಡೆ ಗಡಿಯಾರದಲ್ಲಿ ಬೆಳಿಗ್ಗೆ ಹತ್ತಾಗಿದ್ದರೂ ಪ್ರಯೋಜನವಿಲ್ಲ, ಲೆಕ್ಕಕ್ಕೆ ಬರುವುದು ವಾಚಿನ ಒಳಗಿನ ಹೊತ್ತು. ಮುಳ್ಳು 10:30 ತೋರಿಸುತ್ತಿದ್ದರೆ ಅದು ಹಗಲೋ ರಾತ್ರಿಯೋ ಹೊರಗಿನಿಂದ ತಿಳಿಯದು.

ಅದಕ್ಕೆ ಹೀಗೆ ಮಾಡಿ. ಮೊದಲು ಕೀ ಕೊಡಿ. ಗುಂಡಿಯನ್ನು ಪೂರ್ತಿ ಹೊರಗೆಳೆದು ಮುಳ್ಳುಗಳನ್ನು ಮುಂದಕ್ಕೆ ತಿರುಗಿಸುತ್ತ ತಾರೀಖು ಬದಲಾಗುವವರೆಗೂ ಹೋಗಿ. ಬದಲಾಯಿತೆಂದರೆ ಒಳಗೆ ಮಧ್ಯರಾತ್ರಿ ದಾಟಿತು. ಅಲ್ಲಿಂದ 6 ಗಂಟೆಯವರೆಗೆ ಬನ್ನಿ, ಈಗ ವಾಚಿಗೆ ಬೆಳಗಿನ ಆರು. ಈಗ ಗುಂಡಿಯನ್ನು ನಡುವಿನ ಹಂತಕ್ಕೆ ತಂದು ತಾರೀಖು, ವಾರವನ್ನು ನಿನ್ನೆಯದಕ್ಕೆ ಇಡಿ. ಮತ್ತೆ ಪೂರ್ತಿ ಎಳೆದು ಮುಳ್ಳುಗಳನ್ನು ಮುಂದಕ್ಕೇ ತಿರುಗಿಸಿ, ಇಂದಿನ ತಾರೀಖು ತಾನಾಗಿ ಬೀಳುತ್ತದೆ. ಬಳಿಕ ಸರಿಯಾದ ಹೊತ್ತಿಗೆ ತನ್ನಿ. ಮಧ್ಯಾಹ್ನವಾಗಿದ್ದರೆ 12 ದಾಟಿಸುವುದನ್ನು ಮರೆಯಬೇಡಿ. ಕೆಲವು ಹಳೆಯ ಮಾದರಿಗಳಲ್ಲಿ ನಡುವಿನ ಹಂತ ಇರುವುದಿಲ್ಲ, ಅಲ್ಲಿ ಮುಳ್ಳುಗಳನ್ನೇ ದಿನದಿನಕ್ಕೆ ಸುತ್ತಬೇಕು.

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಬೆಂಗಳೂರಿನಲ್ಲಿರುವ ಅವರ ಮಗ ಅಷ್ಟರಲ್ಲಿ ವೈಂಡರ್ ಆರ್ಡರ್ ಮಾಡಲು ಹೊರಟಿದ್ದ, ಬೇಡವೆಂದರು. ಈಗ ಬೆಳಿಗ್ಗೆ ಕಾಫಿ ಆದ ಮೇಲೆ ಹತ್ತು ಸುತ್ತು. ಗುರುವಾರ ಬೆಳಿಗ್ಗೆ ವಾಚಿನ ಫೋಟೊ ತೆಗೆದು ಗುಂಪಿಗೆ ಹಾಕಿದ್ದರು, ಏಳು ಗಂಟೆ ದಾಟಿ ಹತ್ತು ನಿಮಿಷ.