ಕೆಲಸ ಹೋಗಿದೆ ಎಂದು ಬರೆಯುವುದು ಹೇಗೆ?

2020ರ ಮೇ ತಿಂಗಳಲ್ಲಿ ಕೋವಿಡ್ ಹೊಡೆತಕ್ಕೆ ಸಿಕ್ಕ ಏರ್‌ಬಿಎನ್‌ಬಿ ಕಂಪನಿ ಸುಮಾರು 1,900 ಮಂದಿಯನ್ನು ಮನೆಗೆ ಕಳಿಸಿತು. ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿತು. ಒಪ್ಪಿದ ಉದ್ಯೋಗಿಗಳ ವಿವರವನ್ನು ಯಾರು ಬೇಕಾದರೂ ನೋಡುವಂತೆ ಅಂತರ್ಜಾಲದಲ್ಲಿ ಪಟ್ಟಿ ಮಾಡಿ ಹಾಕಿತು. ಅದೇ ವರ್ಷ ಲಿಂಕ್ಡ್‌ಇನ್‌ನಲ್ಲಿ ಫೋಟೊ ಸುತ್ತ #OpenToWork ಎಂಬ ಹಸಿರು ಪಟ್ಟಿಯೂ ಬಂತು. ಕೆಲಸ ಹೋದದ್ದನ್ನು ಮುಚ್ಚಿಡುತ್ತಿದ್ದವರು ಬಹಿರಂಗವಾಗಿ ಹೇಳಿಕೊಳ್ಳುವ ರೂಢಿಗೆ ಇವೆರಡೂ ಬಲ ಕೊಟ್ಟವು.

ಆದರೆ ಹೇಳುವ ಬಗೆಯಲ್ಲೇ ಹೆಚ್ಚಿನವರು ಎಡವುತ್ತಾರೆ.

ಬೆಂಗಳೂರಿನಲ್ಲಿ ಎಂಟು ವರ್ಷ ಟೆಸ್ಟಿಂಗ್ ಮಾಡಿದವರೊಬ್ಬರು ಕೆಲಸ ಕಳೆದುಕೊಂಡರು ಎಂದುಕೊಳ್ಳೋಣ. 'ಭಾರವಾದ ಮನಸ್ಸಿನಿಂದ ಬರೆಯುತ್ತಿದ್ದೇನೆ, ಯಾವ ಕೆಲಸವಾದರೂ ಸರಿ, ದಯವಿಟ್ಟು ಸಹಾಯ ಮಾಡಿ' ಎಂದು ಅವರು ಬರೆದರೆ ಓದಿದವರು ಮರುಗುತ್ತಾರೆ, ಆದರೆ ಮುಂದೇನು ಮಾಡಬೇಕೆಂದು ಅವರಿಗೆ ತಿಳಿಯುವುದಿಲ್ಲ. ನೇಮಕಾತಿಯವರು ಹುಡುಕುವುದು ಹುದ್ದೆ, ಕೌಶಲ, ಊರು ಇಂಥ ಪದಗಳಿಂದ. 'ಯಾವ ಕೆಲಸವಾದರೂ' ಎಂದು ಯಾರೂ ಹುಡುಕುವುದಿಲ್ಲ.

ಅದನ್ನೇ ಹೀಗೆ ಬರೆಯಬಹುದು: 'ಕಂಪನಿಯ ಮರುವಿಂಗಡಣೆಯಲ್ಲಿ ನನ್ನ ಹುದ್ದೆ ರದ್ದಾಗಿದೆ. ಎಂಟು ವರ್ಷಗಳಿಂದ ಬ್ಯಾಂಕಿಂಗ್ ಆ್ಯಪ್‌ಗಳ ಟೆಸ್ಟಿಂಗ್ ಮಾಡಿದ್ದೇನೆ. ಜಾವಾ, ಸೆಲೆನಿಯಂ ಬಲ್ಲೆ. ಪ್ರತಿ ಬಿಡುಗಡೆಗೂ ಎರಡು ದಿನ ಹಿಡಿಯುತ್ತಿದ್ದ ಪರೀಕ್ಷೆಗಳನ್ನು ಮೂರು ಗಂಟೆಗೆ ಇಳಿಸಿದ ಸ್ಕ್ರಿಪ್ಟ್‌ಗಳನ್ನು ಬರೆದಿದ್ದೇನೆ. ಬೆಂಗಳೂರು ಅಥವಾ ಮೈಸೂರಿನಲ್ಲಿ ಆಟೊಮೇಶನ್ ಟೆಸ್ಟಿಂಗ್ ಹುದ್ದೆ ಬೇಕಾಗಿದೆ. ತಕ್ಷಣ ಸೇರಬಲ್ಲೆ.'

ಇಲ್ಲಿ ನೋವನ್ನು ಮುಚ್ಚಿಟ್ಟಿಲ್ಲ, ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದೆ. 'ಎರಡು ದಿನ, ಮೂರು ಗಂಟೆ' ಎಂಬ ಲೆಕ್ಕ ಇಡೀ ಬರಹದ ಜೀವ. 'ಪರಿಶ್ರಮಿ', 'ತಂಡದಲ್ಲಿ ಬೆರೆಯುವವನು' ಎಂಬ ಮಾತನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು, ಈ ಲೆಕ್ಕವನ್ನು ಮಾಡಿದವರೇ ಬರೆಯಬೇಕು. ಸಂದರ್ಶನದಲ್ಲಿ ಕೆದಕಿದರೂ ವಿವರಿಸಬಲ್ಲ ಸಂಖ್ಯೆಯಾಗಿರಬೇಕು, ಅಷ್ಟೇ. ಕೊನೆಯ ಮಾತೂ ಸಣ್ಣದಲ್ಲ. ನಮ್ಮ ಐಟಿ ಕಂಪನಿಗಳಲ್ಲಿ ಎರಡು ಮೂರು ತಿಂಗಳ ನೋಟಿಸ್ ಪೀರಿಯಡ್ ಸಾಮಾನ್ಯ. ಅವಸರದಲ್ಲಿರುವ ಮ್ಯಾನೇಜರ್‌ಗೆ ನಾಳೆಯೇ ಬರಬಲ್ಲವರು ನಿಜಕ್ಕೂ ಬೇಕಾದವರು.

ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವ ಕನ್ನಡಿಗರಿಗೆ ಇನ್ನೊಂದು ಸಾಲು ಬೇಕು. ಕೆಲಸ ಹೋದ ಮೇಲೆ ಅವರಿಗೆ ಸಿಗುವುದು ಹೆಚ್ಚೆಂದರೆ 60 ದಿನ. ವೀಸಾ ವರ್ಗಾವಣೆ ಬೇಕೆಂಬುದನ್ನೂ ಯಾವ ದಿನಾಂಕದೊಳಗೆ ಎಂಬುದನ್ನೂ ಮೊದಲೇ ಬರೆದರೆ ಇಬ್ಬರ ಸಮಯವೂ ಉಳಿಯುತ್ತದೆ.

ಹಳೆಯ ಕಂಪನಿಯನ್ನು ದೂರುವುದು ಬೇಡ. ಪರಿಹಾರದ ಹಣ ಪಡೆಯುವಾಗ ಸಹಿ ಹಾಕಿದ ಪತ್ರದಲ್ಲಿ ಅದಕ್ಕೆ ನಿರ್ಬಂಧವಿರಬಹುದು. ಫೋನ್ ನಂಬರನ್ನೂ ಬಹಿರಂಗವಾಗಿ ಹಾಕಬಾರದು. 'ನೋಂದಣಿ ಶುಲ್ಕ' ಕೇಳುವ ನಕಲಿ ಏಜೆಂಟರು ಇಂಥ ನಂಬರುಗಳಿಗಾಗಿಯೇ ಕಾದಿರುತ್ತಾರೆ.

ಇಂಥ ಪೋಸ್ಟ್ ನಿಮ್ಮ ಕಣ್ಣಿಗೆ ಬಿದ್ದರೆ ಲೈಕ್ ಒತ್ತಿ ಸುಮ್ಮನಾಗಬೇಡಿ. ನಿಮ್ಮ ಕಚೇರಿಯಲ್ಲಿ ಹೊಂದುವ ಹುದ್ದೆ ಖಾಲಿಯಿದ್ದರೆ ಅವರ ಹೆಸರನ್ನು ರೆಫರ್ ಮಾಡಿ.