ಎರಡು ದಿನ ಬೇಕು ಸರ್, ಕಾರಣ ಹೀಗಿದೆ

ಅಸೈನ್‌ಮೆಂಟ್ ಕೊಡಬೇಕಾದ ದಿನ ದಾಟಿದ ರಾತ್ರಿ ಮೇಷ್ಟರಿಗೆ ಬರುವ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಮೈಗೆ ಹುಷಾರಿರಲಿಲ್ಲ, ಲ್ಯಾಪ್‌ಟಾಪ್ ಕೆಟ್ಟಿತ್ತು, ಊರಲ್ಲಿ ಕಾರ್ಯವಿತ್ತು, ದಯವಿಟ್ಟು ಕೆಲವು ದಿನ ಕೊಡಿ. ಇವೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ, ಬಹಳಷ್ಟು ನಿಜವೇ ಇರುತ್ತವೆ. ಆದರೆ ಪ್ರೋಗ್ರಾಂ ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ, ಇನ್ನೆಷ್ಟು ಕೆಲಸ ಬಾಕಿ ಎಂಬುದು ಅವುಗಳಲ್ಲಿ ಇರುವುದಿಲ್ಲ. ಅದು ಗೊತ್ತಾಗದೆ ಒಂದು ದಿನ ಕೊಡಬೇಕೋ ಒಂದು ವಾರವೋ ಎಂದು ನಾನು ತೀರ್ಮಾನಿಸುವುದು ಹೇಗೆ?

ಮೂರನೇ ಸೆಮಿಸ್ಟರ್‌ನ ಒಬ್ಬ ಹುಡುಗಿ ಬರೆದ ಪತ್ರ ಬೇರೆ ರೀತಿಯದಾಗಿತ್ತು. ಸಿ ಭಾಷೆಯಲ್ಲಿ ಹಾಸ್ಟೆಲ್ ಲೈಬ್ರರಿಯ ಪುಸ್ತಕಗಳ ಪಟ್ಟಿ ಇಡುವ ಪ್ರೋಗ್ರಾಂ ಬರೆಯಲು 14 ದಿನ ಕೊಟ್ಟಿದ್ದೆ. ಪುಸ್ತಕ ಸೇರಿಸಬೇಕು, ಹುಡುಕಬೇಕು, ತೆಗೆಯಬೇಕು, ಮುಗಿಸುವಾಗ ಬಳಸಿದ ಮೆಮೊರಿಯನ್ನೆಲ್ಲ ಬಿಟ್ಟುಕೊಡಬೇಕು. ಶುಕ್ರವಾರ ಸಂಜೆ 5ಕ್ಕೆ ಗಡುವು. ಅವಳ ಪತ್ರ ಬಂದದ್ದು ರಾತ್ರಿ 9:40ಕ್ಕೆ. ಕನ್ನಡದಲ್ಲಿ ಬರೆದರೂ ಓದುತ್ತೇನೆ ಎಂದು ತರಗತಿಯಲ್ಲಿ ಹೇಳಿದ್ದೆ, ಅವಳು ಕನ್ನಡದಲ್ಲೇ ಬರೆದಿದ್ದಳು.

“ಸರ್, ಅಸೈನ್‌ಮೆಂಟನ್ನು ಇವತ್ತು 5 ಗಂಟೆಗೆ ಕೊಡಲಾಗಲಿಲ್ಲ. ಸೇರಿಸುವುದು, ಹುಡುಕುವುದು ಸರಿ ಇದೆ. ತೆಗೆಯುವುದನ್ನು ಮಧ್ಯದ ಪುಸ್ತಕಕ್ಕೆ ಮಾತ್ರ ಪರೀಕ್ಷಿಸಿದ್ದೇನೆ, ಮೊದಲನೆಯದಕ್ಕೂ ಕೊನೆಯದಕ್ಕೂ ಪರೀಕ್ಷಿಸಿಲ್ಲ. ನಿನ್ನೆಯವರೆಗೆ ಪ್ರೋಗ್ರಾಂ ಸರಿಯಾಗಿ ಮುಗಿಯುತ್ತಿತ್ತು. ನೀವು ಕೊಟ್ಟ ಹಾಳೆಯಲ್ಲಿದ್ದಂತೆ next ಅನ್ನು ಸ್ಟ್ರಕ್ಚರ್‌ನ ಕೊನೆಯಿಂದ ಮೊದಲಿಗೆ ತಂದೆ. ಆಮೇಲೆ ಮುಗಿಸುವಾಗ Segmentation fault (core dumped) ಎಂದು ಬರುತ್ತಿದೆ. ಮತ್ತೆ ಕೊನೆಗೆ ಹಾಕಿದರೆ ಬರುವುದಿಲ್ಲ. ಯಾಕೆಂದು ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕೊಡಲು ಮನಸ್ಸಾಗಲಿಲ್ಲ. ಕೋಡ್ ಬರೆಯುವುದಕ್ಕೇ 12 ದಿನ ಇಟ್ಟುಕೊಂಡಿದ್ದೆ, ಪರೀಕ್ಷಿಸಲು 2 ದಿನ ಸಾಲಲಿಲ್ಲ. ಅದು ನನ್ನ ತಪ್ಪು. ಶನಿವಾರ ಈ ದೋಷ ಹುಡುಕುತ್ತೇನೆ, ಭಾನುವಾರ ತೆಗೆಯುವುದನ್ನು ಪರೀಕ್ಷಿಸುತ್ತೇನೆ. ಭಾನುವಾರ ರಾತ್ರಿ 8ರವರೆಗೆ ಸಮಯ ಕೊಡಿ. ಅಂಕ ಕಡಿತಕ್ಕೆ ಒಪ್ಪಿಗೆ ಇದೆ. ಈಗಿರುವ ಕೋಡನ್ನು ಹಾಗೇ ಲಗತ್ತಿಸಿದ್ದೇನೆ.”

ಈ ಪತ್ರವನ್ನು ನಾನು ಎರಡು ಸಲ ಓದಿದೆ. next ಅನ್ನು ಹಳೆಯ ಜಾಗದಲ್ಲೇ ಬಿಟ್ಟು 5 ಗಂಟೆಗೆ ಒಪ್ಪಿಸಿದ್ದರೆ ಔಟ್‌ಪುಟ್ ಸರಿಯಾಗಿ ಬರುತ್ತಿತ್ತು, ಅವಳಿಗೆ ಪೂರ್ತಿ ಅಂಕವೂ ಸಿಗುತ್ತಿತ್ತೇನೋ. ಲಗತ್ತಿಸಿದ ಕೋಡ್ ತೆರೆದಾಗ ದೋಷ ಎಲ್ಲಿದೆ ಎಂಬುದು ಕಂಡಿತು. ಮುಗಿಸುವಾಗ ಮೆಮೊರಿ ಬಿಟ್ಟುಕೊಡುವ ಸಾಲುಗಳು ಹೀಗಿದ್ದವು:

```c
while (p != NULL) {
    free(p);
    p = p->next;
}
```

ಇಂಥ ಪಟ್ಟಿಯಲ್ಲಿ ಒಂದೊಂದು ಪುಸ್ತಕದ ವಿವರವೂ ಮೆಮೊರಿಯಲ್ಲಿ ಬೇರೆಬೇರೆ ಕಡೆ ಇರುತ್ತದೆ. ಮುಂದಿನ ಪುಸ್ತಕದ ವಿಳಾಸವನ್ನು ಪ್ರತಿಯೊಂದೂ ತನ್ನ next ಎಂಬ ಜಾಗದಲ್ಲಿ ಬರೆದಿಟ್ಟುಕೊಂಡಿರುತ್ತದೆ. ಇದನ್ನು ಹಾಸ್ಟೆಲ್ ರೂಮುಗಳಂತೆ ನೋಡಬಹುದು. ಪ್ರತಿ ರೂಮಿನ ಗೋಡೆಯ ಮೇಲೆ ಮುಂದಿನ ಗೆಳೆಯನ ರೂಮ್ ನಂಬರ್ ಇದೆ. free ಎಂದರೆ ಆ ರೂಮಿನ ಬೀಗದ ಕೈಯನ್ನು ವಾರ್ಡನ್‌ಗೆ ಹಿಂತಿರುಗಿಸುವುದು. ಈ ಹುಡುಗಿಯ ಕೋಡ್ ಮೊದಲು ಕೈ ಹಿಂತಿರುಗಿಸುತ್ತದೆ, ಆಮೇಲೆ ಅದೇ ರೂಮಿಗೆ ಹೋಗಿ ಗೋಡೆಯ ಮೇಲಿನ ನಂಬರ್ ಓದುತ್ತದೆ.

ಹಾಗಾದರೆ ನಿನ್ನೆಯವರೆಗೆ ನಡೆದದ್ದು ಹೇಗೆ? ಬಿಟ್ಟುಕೊಟ್ಟ ಜಾಗವನ್ನು ಯಾರೂ ಕೂಡಲೇ ಒರೆಸಿ ಸ್ವಚ್ಛ ಮಾಡುವುದಿಲ್ಲ. ಲಿನಕ್ಸ್‌ನಲ್ಲಿ ಮೆಮೊರಿ ಹಂಚುವ ವ್ಯವಸ್ಥೆ ಇಂಥ ಸಣ್ಣ ಖಾಲಿ ಜಾಗದ ಮೊದಲ ಕೆಲವು ಬೈಟ್‌ಗಳಲ್ಲಿ ಮಾತ್ರ ತನ್ನ ಲೆಕ್ಕ ಬರೆದುಕೊಳ್ಳುತ್ತದೆ. ವಾರ್ಡನ್ ಬಾಗಿಲ ಹತ್ತಿರ ತನ್ನ ಚೀಟಿ ಅಂಟಿಸಿದಂತೆ. next ಕೊನೆಯಲ್ಲಿದ್ದಾಗ ಆ ಚೀಟಿ ಅದನ್ನು ಮುಚ್ಚಿರಲಿಲ್ಲ, ಹಳೆಯ ನಂಬರ್ ಅದೃಷ್ಟದಿಂದ ಉಳಿದಿತ್ತು. ಮೊದಲಿಗೆ ಬಂದ ತಕ್ಷಣ ವಾರ್ಡನ್ ಚೀಟಿ ಅದರ ಮೇಲೇ ಕೂತಿತು. ಪ್ರೋಗ್ರಾಂ ಆ ಲೆಕ್ಕವನ್ನೇ ವಿಳಾಸವೆಂದು ಓದಿ, ಇಲ್ಲದ ರೂಮಿಗೆ ಹೋಗಿ ಬಿತ್ತು. ತಪ್ಪು ಮೊದಲ ದಿನದಿಂದಲೂ ಇತ್ತು, ಜಾಗ ಬದಲಿಸಿದ್ದರಿಂದ ಹೊರಗೆ ಬಂತು. ಸಿ ಭಾಷೆಯಲ್ಲಿ ಇಂಥ ತಪ್ಪಿಗೆ ಫಲಿತಾಂಶ ಹೀಗೇ ಎಂಬ ನಿಯಮವಿಲ್ಲ, ಒಮ್ಮೆ ನಡೆಯುತ್ತದೆ, ಇನ್ನೊಮ್ಮೆ ಕುಸಿಯುತ್ತದೆ. “ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತೆ ಸರ್” ಎಂಬ ಮಾತನ್ನು ನಾನು ಸಾಕ್ಷಿಯಾಗಿ ಒಪ್ಪದಿರುವುದು ಇದಕ್ಕೇ.

ಉತ್ತರವನ್ನು ನಾನು ಅವಳಿಗೆ ಹೇಳಲಿಲ್ಲ. “ಭಾನುವಾರ ರಾತ್ರಿ 8ರವರೆಗೆ ಕೊಟ್ಟಿದ್ದೇನಮ್ಮ. ದಿನಕ್ಕೆ ಒಂದು ಅಂಕ ಕಡಿತ ಎಲ್ಲರಿಗಿದ್ದಂತೆ ನಿನಗೂ ಇದೆ. ಹೀಗೆ ಕಂಪೈಲ್ ಮಾಡಿ ನೋಡು” ಎಂದು ಒಂದು ಸಾಲು ಕಳಿಸಿದೆ:

```
gcc -g -fsanitize=address library.c
```

ಇದು ಬಿಟ್ಟುಕೊಟ್ಟ ಜಾಗಗಳ ಮೇಲೆ ಕಣ್ಣಿಟ್ಟಿರುತ್ತದೆ. ಅಲ್ಲಿಗೆ ಮತ್ತೆ ಕೈ ಹಾಕಿದ ಕೂಡಲೇ heap-use-after-free ಎಂದು ಕೂಗಿ, ಓದಿದ ಸಾಲು ಯಾವುದು, ಬಿಟ್ಟುಕೊಟ್ಟ ಸಾಲು ಯಾವುದು ಎಂದು ನಂಬರ್ ಸಮೇತ ತೋರಿಸುತ್ತದೆ. next ಕೊನೆಯಲ್ಲಿದ್ದರೂ, ಅಂದರೆ ಪ್ರೋಗ್ರಾಂ ಸರಿಯಾಗಿಯೇ ನಡೆಯುವಂತೆ ಕಂಡಾಗಲೂ, ಹಿಡಿಯುತ್ತದೆ.

ಆ ಪತ್ರದಲ್ಲಿ ನನಗೆ ಮುಖ್ಯವೆನಿಸಿದ್ದು “ಎರಡು ದಿನ” ಎಂಬ ಅಳತೆ. ಅದು ಕೇಳುವಾಗ ಬಾಯಿಗೆ ಬಂದ ಸಂಖ್ಯೆಯಲ್ಲ, ಉಳಿದ ಕೆಲಸದಿಂದ ಹುಟ್ಟಿದ ಸಂಖ್ಯೆ. ಅಮೆರಿಕದ ಫ್ರೆಡ್ ಬ್ರೂಕ್ಸ್ 1975ರ ತಮ್ಮ ‘ದಿ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕದಲ್ಲಿ ಇಂಥ ಲೆಕ್ಕಕ್ಕೊಂದು ಅಂದಾಜು ಕೊಟ್ಟಿದ್ದಾರೆ. ಒಟ್ಟು ಸಮಯದಲ್ಲಿ ಮೂರನೇ ಒಂದು ಪಾಲು ಯೋಜನೆಗೆ, ಆರನೇ ಒಂದು ಪಾಲು ಕೋಡ್ ಬರೆಯುವುದಕ್ಕೆ, ಉಳಿದ ಅರ್ಧ ಪರೀಕ್ಷಿಸುವುದಕ್ಕೆ. ಅವರು ಐಬಿಎಂನಲ್ಲಿ ದೊಡ್ಡ ತಂಡಗಳನ್ನು ನಡೆಸಿದವರು, ಅವರ ಪಾಲನ್ನು ಒಂದು ಲ್ಯಾಬ್ ಅಸೈನ್‌ಮೆಂಟ್‌ಗೆ ಹಾಗೇ ಹಾಕಲಾಗದು. ಆದರೂ 14 ದಿನದಲ್ಲಿ ಅರ್ಧ ಎಂದರೆ 7 ದಿನ, ಅವಳು ಇಟ್ಟಿದ್ದು 2. ಗಡುವು ತಪ್ಪಿದ್ದರ ಕಾರಣ ಅಲ್ಲೇ ಇತ್ತು, ಅದನ್ನು ಅವಳೇ ಕಂಡುಕೊಂಡು ಬರೆದಿದ್ದಳು.

ಪತ್ರದಲ್ಲಿ ಕೊರತೆಯೂ ಇತ್ತು. ಗುರುವಾರವೇ ಪ್ರೋಗ್ರಾಂ ಕುಸಿದಿದ್ದರೆ ಗುರುವಾರವೇ ಬರೆಯಬಹುದಿತ್ತು. ಗಡುವಿನ ಮುಂಚೆ ಬಂದ ಪತ್ರಕ್ಕೆ ನಾನು ಅಂಕ ಕಡಿಯುವುದಿಲ್ಲ, ಇದನ್ನು ವರ್ಷದ ಆರಂಭದಲ್ಲೇ ಹೇಳಿರುತ್ತೇನೆ. ಇನ್ನೊಂದು ಮಿತಿ ನನ್ನ ಕಡೆಯದು. ಇಂಟರ್ನಲ್ ಅಂಕ ಕಳಿಸುವ ಕೊನೆಯ ದಿನ ನನ್ನ ಕೈಯಲ್ಲಿಲ್ಲ. ಅದು ಹತ್ತಿರ ಬಂದಾಗ ಎಷ್ಟು ಒಳ್ಳೆಯ ಪತ್ರವಾದರೂ ನಾನು ದಿನ ಕೊಡಲಾರೆ.

ಶನಿವಾರ ಮಧ್ಯಾಹ್ನಕ್ಕೇ ಅವಳು ದೋಷ ಸರಿಪಡಿಸಿದ್ದಳು. ಕೈ ಹಿಂತಿರುಗಿಸುವ ಮೊದಲು ಗೋಡೆಯ ನಂಬರ್ ಬರೆದುಕೊಳ್ಳುವುದು, ಅಷ್ಟೆ:

```c
while (p != NULL) {
    struct book *t = p->next;
    free(p);
    p = t;
}
```

ಭಾನುವಾರ ಪಟ್ಟಿಯ ಮೊದಲ ಪುಸ್ತಕ ತೆಗೆದು ನೋಡಿದಾಗ ಇನ್ನೊಂದು ತಪ್ಪು ಸಿಕ್ಕಿತು. ಪಟ್ಟಿಯ ತಲೆ ಇನ್ನೂ ತೆಗೆದ ಪುಸ್ತಕವನ್ನೇ ತೋರಿಸುತ್ತಿತ್ತು. ಅದನ್ನೂ ತಿದ್ದಿ, ರಾತ್ರಿ 7:15ಕ್ಕೆ ಪ್ರೋಗ್ರಾಂ ಕಳಿಸಿದಳು. 10ಕ್ಕೆ 8 ಅಂಕ ಕೊಟ್ಟೆ. ಹೋದ ಎರಡೂ ತಡವಾಗಿದ್ದಕ್ಕೆ.