ಆ ರಾತ್ರಿಯ ಹೆಚ್ಚುವರಿ ಸೊನ್ನೆ

ಭಟ್ಕಳ ತಾಲ್ಲೂಕಿನ ತೆಂಗಿನಗುಂಡಿ ಮೀನುಗಾರಿಕೆಯ ಬಂದರು. ಜೂನ್, ಜುಲೈ ತಿಂಗಳುಗಳ ನಿಷೇಧದ ಅವಧಿ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ ಅಲ್ಲಿಯ ಗಂಡಸರು ಮನೆಯಲ್ಲಿರುವುದು ಅಪರೂಪ. ವಿದ್ಯಾರ್ಥಿವೇತನದ ಅರ್ಜಿಗೂ ಬೋಟಿಗೂ ಏನು ಸಂಬಂಧವೆಂದು ಕೇಳಬಹುದು. ನನ್ನ ನೆಂಟರ ನೆರೆಮನೆಯ ಹುಡುಗಿಯೊಬ್ಬಳು ಅದನ್ನು ನನಗೆ ಕಲಿಸಿಕೊಟ್ಟಳು.

ಆಕೆ ಪದವಿಯ ಮೊದಲ ವರ್ಷದ ವಿದ್ಯಾರ್ಥಿನಿ. ಅವಳ ಆಧಾರ್ ಸಂಖ್ಯೆಗೆ ಜೋಡಣೆಯಾಗಿರುವುದು ತಂದೆಯ ಮೊಬೈಲ್. ಜಾಲತಾಣದಲ್ಲಿ ಅರ್ಜಿ ತುಂಬಲು ಹೊರಟರೆ ಒಟಿಪಿ ಬರುವುದು ಆ ಮೊಬೈಲಿಗೆ. ಮೊಬೈಲ್ ಇರುವುದು ಕಡಲಿನಲ್ಲಿ, ಸಿಗ್ನಲ್ ಸಿಗದಷ್ಟು ದೂರದಲ್ಲಿ. ಒಟಿಪಿಯ ಆಯುಷ್ಯವೋ ಕೆಲವೇ ನಿಮಿಷ. ಹೀಗಾಗಿ ಅರ್ಜಿ ಸಲ್ಲಿಕೆಯ ಕೊನೆಯ ದಿನ, ತಂದೆ ದಡ ಸೇರಿದ ರಾತ್ರಿ ಒಂಬತ್ತರ ನಂತರವೇ ಆಕೆ ಅಣ್ಣನ ಹಳೆಯ ಲ್ಯಾಪ್‌ಟಾಪಿನ ಮುಂದೆ ಕುಳಿತಳು. ಅದೇ ಹೊತ್ತಿಗೆ ರಾಜ್ಯದ ಇತರ ಮೂಲೆಗಳಿಂದಲೂ ಜನ ಅದೇ ಬಾಗಿಲನ್ನು ತಟ್ಟುತ್ತಿದ್ದುದರಿಂದ ಪುಟ ತೆರೆಯುವಾಗಲೇ ಹನ್ನೊಂದೂವರೆ.

ನಾಡಕಚೇರಿ ಕೊಡುವ ಆದಾಯ ಪ್ರಮಾಣಪತ್ರದ ಮೇಲೆ ‘ಆರ್‌ಡಿ’ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಯೊಂದು ಇರುತ್ತದೆ. ಅರ್ಜಿದಾರಳು ಆ ಸಂಖ್ಯೆಯನ್ನಷ್ಟೇ ನಮೂದಿಸಬೇಕು. ಆದಾಯದ ಮೊತ್ತವನ್ನು ಗಣಕವೇ ಸರ್ಕಾರಿ ದತ್ತಾಂಶದಿಂದ ತಂದು ತುಂಬುತ್ತದೆ. ಆ ಚೌಕ ಬೂದು ಬಣ್ಣದ್ದು, ಕೈಯಿಂದ ತಿದ್ದಲು ಬಾರದ್ದು. ಸುಳ್ಳು ಆದಾಯ ತೋರಿಸುವವರನ್ನು ತಡೆಯುವ ಈ ಏರ್ಪಾಡು ತಪ್ಪೇನಲ್ಲ. ಆದರೆ ಆ ರಾತ್ರಿ, ಕೈಯಲ್ಲಿದ್ದ ಕಾಗದದಲ್ಲಿ 48,000 ರೂಪಾಯಿ ಎಂದಿದ್ದ ಆದಾಯ ಪರದೆಯ ಮೇಲೆ 4,80,000 ಆಗಿತ್ತು. ಆಕೆ ಬಯಸಿದ್ದ ಯೋಜನೆಯ ಮಿತಿ ಎರಡೂವರೆ ಲಕ್ಷ. ‘ಅರ್ಹರಲ್ಲ’ ಎಂಬ ಕೆಂಪು ಅಕ್ಷರಗಳೊಂದಿಗೆ ಅರ್ಜಿ ಅಲ್ಲಿಗೇ ನಿಂತಿತು.

ಹುಡುಗಿ ಅಳುತ್ತ ಕೂರಲಿಲ್ಲ. ಒಟಿಪಿ ಬಂದಿದ್ದ ಅದೇ ಮೊಬೈಲಿನಲ್ಲಿ ಮೂರು ಚಿತ್ರ ತೆಗೆದಳು. ಮೊದಲನೆಯದರಲ್ಲಿ ಜಾಲತಾಣದ ವಿಳಾಸ, ತನ್ನ ನೋಂದಣಿ ಸಂಖ್ಯೆ, ಪರದೆಯ ಮೂಲೆಯ ಗಡಿಯಾರದಲ್ಲಿ 11:42. ಎರಡನೆಯದರಲ್ಲಿ ಪ್ರಮಾಣಪತ್ರವನ್ನು ಪರದೆಗೆ ಆನಿಸಿ ಹಿಡಿದು, ಕಾಗದದ ಮೊತ್ತವೂ ಬೂದು ಚೌಕದ ಮೊತ್ತವೂ ಒಟ್ಟಿಗೆ ಕಾಣುವಂತೆ ತೆಗೆದದ್ದು. ಪುಟವನ್ನು ಮುಚ್ಚಿ, ಮತ್ತೆ ಪ್ರವೇಶಿಸಿ, ಅದೇ ತಪ್ಪು ಮರುಕಳಿಸಿದಾಗ 11:51ಕ್ಕೆ ಮೂರನೆಯದು. ಪರದೆಯನ್ನೇ ಉಳಿಸಿಕೊಳ್ಳುವ ಸ್ಕ್ರೀನ್‌ಶಾಟ್ ಸುಲಭವಿತ್ತು. ಆದರೆ ಅದರಲ್ಲಿ ಕಾಗದ ಬರುವುದಿಲ್ಲ. ಈ ಉಪಾಯ ಹೊಳೆದದ್ದು ಹೇಗೆಂದು ನಾನು ಕೇಳಿದೆ. ‘ಬೋಟಿನ ಪಾಲಿನ ಲೆಕ್ಕದ ಚೀಟಿಯನ್ನು ಅಪ್ಪ ಯಾವಾಗಲೂ ಫೋಟೊ ತೆಗೆದಿಡುತ್ತಾರೆ ಸರ್. ಆಮೇಲೆ ಮಾತು ಬರಬಾರದು ಅಂತ’ ಎಂದಳು.

ಮರುದಿನ ಬೆಳಿಗ್ಗೆ ಅವಳೊಡನೆ ಸಂಬಂಧಪಟ್ಟ ಕಚೇರಿಗೆ ನಾನೂ ಹೋದೆ. ‘ನೀವೇ ಒಂದು ಸೊನ್ನೆ ಹೆಚ್ಚು ಹಾಕಿದ್ದೀರಿ’ ಎಂಬುದು ಅಲ್ಲಿಯ ಮೊದಲ ಮಾತು. ಎರಡನೆಯ ಚಿತ್ರವನ್ನು ತೋರಿಸಿದೆವು. ಬೂದು ಚೌಕದಲ್ಲಿ ಯಾರೂ ಸೊನ್ನೆ ಹಾಕಲಾರರು. ‘ಹಾಗಾದರೆ ನೆಟ್‌ವರ್ಕ್ ತೊಂದರೆ ಇರಬೇಕು’ ಎಂದರು. ಮೂರನೆಯ ಚಿತ್ರ ಅದಕ್ಕೆ ಉತ್ತರವಾಯಿತು. ನೆಟ್‌ವರ್ಕ್ ಕೆಟ್ಟರೆ ಪುಟ ಅರ್ಧಕ್ಕೆ ನಿಲ್ಲಬಹುದು. ಒಂಬತ್ತು ನಿಮಿಷಗಳ ಅಂತರದಲ್ಲಿ ಎರಡು ಬಾರಿ ಅದೇ ತಪ್ಪು ಮೊತ್ತವನ್ನು ಅದು ತಂದುಕೊಡದು.

ಇನ್ನು ಉಳಿದದ್ದು ತಪ್ಪಿನ ಮೂಲ. ಅದು ಎರಡು ಕಡೆ ಇರಬಹುದಿತ್ತು: ಪ್ರಮಾಣಪತ್ರ ಕೊಟ್ಟವರ ದತ್ತಾಂಶದಲ್ಲಿ, ಇಲ್ಲವೇ ಅಲ್ಲಿಂದ ಮಾಹಿತಿ ಪಡೆದು ತೋರಿಸುವ ಜಾಲತಾಣದಲ್ಲಿ. ಪತ್ತೆಗೆ ಸರಳ ದಾರಿಯಿದೆ. ನಾಡಕಚೇರಿಯ ತಾಣದಲ್ಲಿಯೇ ಆರ್‌ಡಿ ಸಂಖ್ಯೆ ಕೊಟ್ಟು ಪ್ರಮಾಣಪತ್ರದ ನೈಜತೆಯನ್ನು ಪರಿಶೀಲಿಸಬಹುದು. ಪರಿಶೀಲಿಸಿದಾಗ ಅಲ್ಲಿ 48,000 ಎಂದೇ ಇತ್ತು. ಅಂದರೆ ಮೂಲ ಸರಿಯಾಗಿದೆ, ದೋಷ ನಡುದಾರಿಯದು. ಅರ್ಧ ಪುಟದ ಮನವಿಯನ್ನು ಎರಡು ಪ್ರತಿಗಳಲ್ಲಿ ಬರೆದು, ಚಿತ್ರಗಳ ಮುದ್ರಿತ ನಕಲು ಲಗತ್ತಿಸಿ, ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಪರದೆಯ ಚಿತ್ರ ತಾನೇ ಅಂತಿಮ ಸಾಕ್ಷ್ಯವಲ್ಲ. ಬ್ರೌಸರಿನಲ್ಲಿ ಕಾಣುವ ಅಂಕಿಯನ್ನು ಬಲ್ಲವರು ಬದಲಿಸಿ ತೋರಿಸಬಲ್ಲರು. ಹಾಗೆ ಬದಲಿಸಿದ ಪುಟದ ಚಿತ್ರವನ್ನೂ ತೆಗೆಯಬಲ್ಲರು. ಅದರ ನಿಜವಾದ ಬೆಲೆ ಬೇರೆಡೆ ಇದೆ. ಯಾವ ನೋಂದಣಿ ಸಂಖ್ಯೆಗೆ ಎಷ್ಟು ಹೊತ್ತಿಗೆ ಯಾವ ಉತ್ತರ ಹೋಯಿತೆಂಬುದನ್ನು ಸರ್ವರ್ ತನ್ನ ದಾಖಲೆಯಲ್ಲಿ ಬರೆದಿಟ್ಟುಕೊಳ್ಳಬಲ್ಲದು. ಲಕ್ಷಾಂತರ ಸಾಲುಗಳ ಆ ದಾಖಲೆಯಲ್ಲಿ ‘ನಿನ್ನೆ ರಾತ್ರಿ ಏನೋ ಆಯಿತು’ ಎಂಬ ದೂರನ್ನು ಹುಡುಕುವುದು ಕಷ್ಟ. ‘11:42, ಈ ನೋಂದಣಿ ಸಂಖ್ಯೆ’ ಎಂದರೆ ಹುಡುಕುವುದು ಸುಲಭ. ಮೊಬೈಲಿನ ಮೂಲ ಕಡತದೊಳಗೂ ತೆಗೆದ ದಿನಾಂಕ, ವೇಳೆ ಅಡಗಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುತ್ತದೆ. ಆದ್ದರಿಂದ ಮೂಲ ಕಡತವನ್ನು ಅಳಿಸಬಾರದು, ಕಳಿಸುವುದಾದರೆ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಬೇಕು.

ಹುಡುಗಿಯ ಅರ್ಜಿ ಉಳಿಯಿತು. ಆ ನಿಮಿಷದ ದಾಖಲೆಯನ್ನು ತೆಗೆಸಿ ನೋಡಿ, ದೋಷ ಸರಿಪಡಿಸಿ, ಅವಳಿಗೆ ಮತ್ತೆ ಸಲ್ಲಿಸಲು ಅವಕಾಶ ಕೊಟ್ಟರು. ಆದರೆ ಅವಳ ಸಹಪಾಠಿಯೊಬ್ಬಳಿಗೂ ಅದೇ ರಾತ್ರಿ ಹೀಗೆಯೇ ಆಗಿತ್ತು. ಆಕೆ ಬೇಸತ್ತು ಯಂತ್ರ ಮುಚ್ಚಿ ಮಲಗಿದ್ದಳು. ಅವಳ ಬಳಿ ಇದ್ದದ್ದು ಬರೀ ಬಾಯಿಮಾತು. ‘ಕೊನೆಯ ದಿನಾಂಕದೊಳಗೆ ಅರ್ಜಿ ಬಂದಿಲ್ಲ’ ಎಂಬ ಉತ್ತರಕ್ಕೆ ಎದುರಾಡಲು ಅದು ಸಾಲಲಿಲ್ಲ. ‘ಅವಳೂ ಸುಳ್ಳು ಹೇಳಿರಲಿಲ್ಲ ಸರ್’ ಎಂದು ನಮ್ಮ ಹುಡುಗಿ ಎರಡು ಬಾರಿ ಹೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ನಾನು ಸೇವೆಗೆ ಸೇರಿದ ಕಾಲದಲ್ಲಿ ಟಪಾಲು ಗುಮಾಸ್ತ ಅರ್ಜಿ ಅಪೂರ್ಣವಾಗಿದ್ದರೂ ಅದಕ್ಕೆ ಸಂಖ್ಯೆ, ದಿನಾಂಕ ಹಾಕಿಯೇ ಒಳಗೆ ಕಳಿಸಬೇಕಿತ್ತು. ತಿರಸ್ಕಾರವೂ ಕಡತದಲ್ಲಿ ದಾಖಲಾಗುತ್ತಿತ್ತು. 2011ರ ಸಕಾಲ ಕಾಯ್ದೆ 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಗೆ ಬಂದಾಗ ಅದೇ ತತ್ವ ಇನ್ನಷ್ಟು ಗಟ್ಟಿಯಾಯಿತು: ಅರ್ಜಿ ಕೊಟ್ಟವರಿಗೆ 15 ಅಂಕಿಗಳ ಸ್ವೀಕೃತಿ ಸಂಖ್ಯೆ, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಆದರೆ ಈ ಗಡಿಯಾರ ಓಡತೊಡಗುವುದು ಅರ್ಜಿ ಸ್ವೀಕೃತವಾದ ಮೇಲೆ. ಹೊಸ್ತಿಲಲ್ಲೇ ಎಡವಿದ ಅರ್ಜಿಗೆ ಸಂಖ್ಯೆಯಿಲ್ಲ; ಸಂಖ್ಯೆಯಿಲ್ಲದ್ದು ಆಡಳಿತದ ಕಣ್ಣಿಗೆ ನಡೆದೇ ಇಲ್ಲ. ಅದು ನಡೆದಿದೆಯೆಂದು ಸಾಧಿಸುವ ಶ್ರಮ ಮತ್ತು ವೆಚ್ಚ ನಮಗರಿವಿಲ್ಲದಂತೆ ಕಚೇರಿಯಿಂದ ಅರ್ಜಿದಾರರ ಹೆಗಲಿಗೆ ಜಾರಿದೆ. ಅರ್ಹರನ್ನು ಹೊರಗಿಡುವ ಇಂತಹ ದೋಷ ಯಾವ ಲೆಕ್ಕಪತ್ರದಲ್ಲಿಯೂ ಕಾಣಿಸದು, ಏಕೆಂದರೆ ಖರ್ಚಾಗದ ಹಣಕ್ಕೆ ಯಾರೂ ಆಕ್ಷೇಪಣೆ ಎತ್ತುವುದಿಲ್ಲ.

ಪರಿಹಾರ ದುಬಾರಿಯದೇನಲ್ಲ. ‘ಅರ್ಹರಲ್ಲ’ ಎಂದು ಹೇಳುವ ಪ್ರತಿ ಪುಟವೂ ಒಂದು ಸಂಖ್ಯೆ, ವೇಳೆ ಮತ್ತು ತಾನು ಆಧರಿಸಿದ ಮೊತ್ತವನ್ನು ಮುದ್ರಿಸಿ ಕೊಡಲಿ; ಅದನ್ನು ಹಿಡಿದು ಬಂದವರ ಅರ್ಜಿಯನ್ನು ಗಡುವಿನೊಳಗೆ ಬಂದದ್ದೆಂದು ಪರಿಗಣಿಸಲಿ. ಅಲ್ಲಿಯವರೆಗೆ, ಬೋಟಿನ ಲೆಕ್ಕದ ಚೀಟಿಯಂತೆ, ನಮ್ಮ ಮಕ್ಕಳು ಸರ್ಕಾರದ ಪರದೆಯನ್ನೂ ಚಿತ್ರ ತೆಗೆದಿಟ್ಟುಕೊಳ್ಳಬೇಕಾಗುತ್ತದೆ.